ಬಾಗಲಕೋಟೆ ಜಿಲ್ಲೆಯ ಪಾರಂಪರಿಕ ತಾಣಗಳ ಜಿಐಎಸ್ ನಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಮಲಪ್ರಭೆಯ ದಂಡೆಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಈ ಉತ್ತರಗಳನ್ನು ಬರೆದಿದೆ. ಶಾಲೆಯ ಶಿಕ್ಷಕರು, ಪಂಚಾಯ್ತಿ ಸದಸ್ಯರು, ಇತಿಹಾಸದ ವಿದ್ಯಾರ್ಥಿಗಳು, ಮೋಜಣಿದಾರರು ಮಾತಿನ ನಡುವೆ, ಪತ್ರಗಳಲ್ಲಿ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಕೊಟ್ಟಿದ್ದೇವೆ. ಯಾವುದೇ ಒಂದು ಉತ್ತರವನ್ನು ಬಿಡಿಯಾಗಿ ಓದಿಕೊಳ್ಳಬಹುದು.

## ಶುರು ಮಾಡುವ ಮೊದಲು

ಗೂಗಲ್ ಮ್ಯಾಪ್‌ನಾಗ ಗುಡಿಗಳೆಲ್ಲಾ ಅದಾವಲ್ಲ, ಮತ್ಯಾಕ ಇನ್ನೊಂದು ನಕ್ಷೆ?

ಗುಡಿಗೆ ಹೋಗುವ ದಾರಿ ತೋರಿಸಲು ಆ ನಕ್ಷೆ ಸಾಕು. ಆದರೆ ನಮಗೆ ಬೇಕಾದ ಉತ್ತರಗಳು ಬೇರೆ. ಈ ಗುಡಿಯ ಸಂರಕ್ಷಿತ ಗಡಿ ಎಲ್ಲಿ ಮುಗಿಯುತ್ತದೆ? ಅದರ ಸುತ್ತ 100 ಮೀಟರಿನೊಳಗೆ ಯಾವ ಸರ್ವೆ ನಂಬರುಗಳು ಬರುತ್ತವೆ? ಹೊಳೆ ಬಂದಾಗ ಅಧಿಷ್ಠಾನದ ಎಷ್ಟನೆಯ ಥರದವರೆಗೆ ನೀರು ಏರುತ್ತದೆ? ಹತ್ತು ವರ್ಷದ ಹಿಂದೆ ಖುಷ್ಕಿಯಾಗಿದ್ದ ಪಕ್ಕದ ಹೊಲ ಈಗ ಕಬ್ಬಿನ ಗದ್ದೆಯಾಗಿದೆಯೇ? ಒಂದೊಂದು ಪ್ರಶ್ನೆಗೂ ಒಂದೊಂದು ಪದರ ಬೇಕು. ತಾಣಗಳ ಯಾದಿ, ಅಪಾಯದ ವಲಯ ಮತ್ತು ಭೂಬಳಕೆಯನ್ನು ಒಂದರ ಮೇಲೊಂದು ಹೊದಿಸಿ ನೋಡಿದಾಗ ಮಾತ್ರ ಈ ಪ್ರಶ್ನೆಗಳು ಒಟ್ಟಿಗೆ ಬಿಡಿಸಿಕೊಳ್ಳುತ್ತವೆ.

ಇನ್ನೂ ಒಂದು ಕಾರಣವಿದೆ. ಗೂಗಲ್‌ನಲ್ಲಿ ಗುಡಿಯ ಗುರುತು ಇಟ್ಟವರು ಯಾರು, ಅದು ಎಷ್ಟು ಮೀಟರ್ ಆಚೀಚೆ ಇರಬಹುದು ಎಂಬುದು ತಿಳಿಯುವುದಿಲ್ಲ. ನಾವು ಮಾಡುವ ನಕ್ಷೆಯಲ್ಲಿ ಪ್ರತಿ ಗುರುತಿನ ಜೊತೆ ಆ ತಪ್ಪಿನ ಅಳತೆಯೂ ಬರೆದಿರಬೇಕು. ಮುಂದಿನ ಎಲ್ಲ ಲೆಕ್ಕವೂ ಅದರ ಮೇಲೆಯೇ ನಿಂತಿದೆ.

ಯಾವ ತಂತ್ರಾಂಶ, ಯಾವ ಫೈಲು? ದುಡ್ಡು ಕೊಡಬೇಕಾ?

ದುಡ್ಡು ಬೇಡ. ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್, ಹೊಲದಲ್ಲಿ ಮೊಬೈಲಿಗೆ ಕ್ಯೂಫೀಲ್ಡ್, ಎರಡೂ ಉಚಿತ. ಮಾಹಿತಿಯನ್ನು ಶೇಪ್‌ಫೈಲಿನಲ್ಲಿ ಇಡಬೇಡಿ. ಅದರಲ್ಲಿ ಕಾಲಂ ಹೆಸರು 10 ಅಕ್ಷರಕ್ಕೆ ತುಂಡಾಗುತ್ತದೆ. ಎನ್‌ಕೋಡಿಂಗ್ ಸರಿಯಿಲ್ಲದಿದ್ದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತವೆ, ಆಮೇಲೆ ಮರಳಿ ಬರುವುದಿಲ್ಲ. ಜಿಯೋಪ್ಯಾಕೇಜ್ ಆದರೆ ಎಲ್ಲ ಪದರಗಳೂ ಒಂದೇ ಫೈಲಿನಲ್ಲಿ ಕೂರುತ್ತವೆ, ಕನ್ನಡವೂ ಕೆಡುವುದಿಲ್ಲ.

ನಮ್ಮೂರ ಅಗಸಿ ಹತ್ತಿರ ಒಂದು ವೀರಗಲ್ಲು ಐತಿ, ಯಾರೂ ಲಕ್ಷ್ಯ ಕೊಡಂಗಿಲ್ಲ. ಅದನ್ನೂ ಸೇರಸ್ಬೇಕಾ?

ಮೊದಲು ಸೇರಿಸಬೇಕಾದದ್ದೇ ಅದು. ಕೇಂದ್ರ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅಥವಾ ರಾಜ್ಯ ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕಗಳಿಗೆ ಕಾಗದವಾದರೂ ಇರುತ್ತದೆ. ಅಗಸಿಯ ವೀರಗಲ್ಲು, ಬಾವಿಯ ದಂಡೆಯ ಶಾಸನ, ಹನುಮಪ್ಪನ ಕಟ್ಟೆಗೆ ಮೆಟ್ಟಿಲಾಗಿರುವ ಹಳೆಯ ಕಂಬ, ಇವಕ್ಕೆ ಏನೂ ಇಲ್ಲ. ರಸ್ತೆ ಅಗಲ ಮಾಡುವಾಗ ಹೂತುಹೋದರೆ ಅಲ್ಲಿಗೆ ಮುಗಿಯಿತು.

ಆದರೆ ಸಂರಕ್ಷಣೆಯ ಸ್ಥಿತಿಯನ್ನು ಬೇರೆ ಕಾಲಂನಲ್ಲಿ ಸ್ಪಷ್ಟವಾಗಿ ಬರೆಯಬೇಕು: ಕೇಂದ್ರ, ರಾಜ್ಯ, ಅಸಂರಕ್ಷಿತ. 100 ಮೀಟರ್ ನಿಷೇಧಿತ ಮತ್ತು ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶದ ನಿಯಮ ಇರುವುದು 1958ರ ಕೇಂದ್ರ ಕಾಯ್ದೆಯಲ್ಲಿ, ಅದಕ್ಕೆ 2010ರಲ್ಲಿ ತಿದ್ದುಪಡಿಯಾಗಿದೆ. ಅದು ಅನ್ವಯವಾಗುವುದು ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ. ಎಲ್ಲ ಗುಡಿಗಳ ಸುತ್ತಲೂ ಕಣ್ಣುಮುಚ್ಚಿ ಅದೇ ವರ್ತುಲ ಎಳೆದರೆ ರೈತರಿಗೆ ಸುಳ್ಳು ಹೇಳಿದಂತಾಗುತ್ತದೆ. ಆಮೇಲೆ ನಿಮ್ಮ ನಿಜವಾದ ವರ್ತುಲವನ್ನೂ ಯಾರೂ ನಂಬುವುದಿಲ್ಲ.

ಪಟ್ಟದಕಲ್ಲು ಒಂದು ತಾಣ ಅಂತ ಬರೀಬೇಕೋ, ಹತ್ತು ಅಂತಲೋ?

ಎರಡೂ ಬರೆಯಬೇಕು, ಬೇರೆ ಬೇರೆ ಕಡೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದು ಸಮೂಹ. ಅದರಲ್ಲಿ 10 ಗುಡಿಗಳಿವೆ. ಎಂಟು ಒಂದೇ ಆವರಣದಲ್ಲಿವೆ, ಪಾಪನಾಥ ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರ್ ದೂರ, ಜೈನ ಬಸದಿ ಪಶ್ಚಿಮಕ್ಕೆ ಸುಮಾರು ಒಂದು ಕಿಲೋಮೀಟರ್ ದೂರ. ಸಮೂಹವನ್ನು ಒಂದೇ ಬಿಂದುವಾಗಿ ಇಟ್ಟರೆ ಹೊಳೆಯ ಪಕ್ಕದ ಗುಡಿಗೂ ಹೊಳೆಯಿಂದ ದೂರದ ಬಸದಿಗೂ ಒಂದೇ ಅಪಾಯ ಬರೆದಂತಾಗುತ್ತದೆ.

ಎರಡು ಪದರ ಮಾಡಿ. ಒಂದರಲ್ಲಿ ತಾಣ, ಅದಕ್ಕೆ `site_id`. ಇನ್ನೊಂದರಲ್ಲಿ ಬಿಡಿ ಘಟಕಗಳು, ಪ್ರತಿಯೊಂದಕ್ಕೂ `part_id` ಮತ್ತು ತಾನು ಯಾವ ತಾಣಕ್ಕೆ ಸೇರಿದ್ದು ಎಂಬ `site_id`. ಜಿಲ್ಲೆಯಲ್ಲಿ ಎಷ್ಟು ತಾಣ ಎಂದು ಕೇಳಿದರೆ ಮೊದಲ ಪದರ ಎಣಿಸಿ, ಎಷ್ಟು ಕಟ್ಟಡ ನೀರಿನ ಹಾದಿಯಲ್ಲಿವೆ ಎಂದರೆ ಎರಡನೆಯದನ್ನು ಎಣಿಸಿ.

ಹೆಸರಿನ ಕಾಟವೂ ಇದೆ. ಇಲಾಖೆಯ ಯಾದಿಯಲ್ಲಿ ಒಂದು ಹೆಸರು, ಊರಿನವರ ಬಾಯಲ್ಲಿ ಇನ್ನೊಂದು, ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ಬಂದಾಗ ಮೂರನೆಯದು. ಹೆಸರು ಹೋಲಿಸಿ ನಕಲು ಹುಡುಕಲು ಹೋದರೆ ಸೋಲುತ್ತೀರಿ. ಎರಡು ಯಾದಿಗಳನ್ನೂ ನಕ್ಷೆಗೆ ಹಾಕಿ, 30 ಮೀಟರಿಗಿಂತ ಹತ್ತಿರ ಬಿದ್ದ ಜೋಡಿಗಳನ್ನೆಲ್ಲ ಬೇರೆ ತೆಗೆದು ಒಂದೊಂದಾಗಿ ಕಣ್ಣಿಂದ ನೋಡಿ. ಐಹೊಳೆಯಂಥ ಕಡೆ ಗುಡಿಗೆ ಗುಡಿ ಅಂಟಿಕೊಂಡೇ ಇರುವುದರಿಂದ ಅಲ್ಲಿ ಕಂಪ್ಯೂಟರಿಗೆ ತಾನೇ ಅಳಿಸಲು ಬಿಡಬಾರದು. ಎಲ್ಲ ಹೆಸರುಗಳನ್ನೂ ಇನ್ನೊಂದು ಕಾಲಂನಲ್ಲಿ ಉಳಿಸಿಕೊಳ್ಳಿ.

## ಜಾಗ ಮತ್ತು ಗಡಿ

ಮೊಬೈಲ್ ಜಿಪಿಎಸ್ ನಂಬಬಹುದಾ?

ಬಯಲಿನಲ್ಲಿ 3ರಿಂದ 5 ಮೀಟರ್ ತಪ್ಪಿನೊಳಗೆ ಸಿಗುತ್ತದೆ, ವೀರಗಲ್ಲಿಗೆ ಅಷ್ಟು ಸಾಕು. ಬಾದಾಮಿಯ ಬಂಡೆಯ ಬುಡದಲ್ಲಿ ಮಾತ್ರ ನಂಬಬೇಡಿ. ಅರ್ಧ ಆಕಾಶವನ್ನು ಕಲ್ಲು ಮುಚ್ಚಿರುತ್ತದೆ, ಉಳಿದ ಉಪಗ್ರಹಗಳ ಸಂಕೇತ ಬಂಡೆಗೆ ಬಡಿದು ತಿರುಗಿ ಬರುತ್ತದೆ. ಮೊಬೈಲ್ 5 ಮೀಟರ್ ಎಂದು ತೋರಿಸುತ್ತಲೇ ಇರುವಾಗ ಬಿಂದು ಅದಕ್ಕಿಂತ ಎಷ್ಟೋ ದೂರ ಸರಿದಿರಬಹುದು. ಗುರುತು ಹಿಡಿಯುವುದು ಹೀಗೆ: ಒಂದೇ ಜಾಗದಲ್ಲಿ ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಎರಡು ಬಿಂದುಗಳ ನಡುವೆ 8-10 ಮೀಟರ್ ಅಂತರ ಬಂದರೆ ಅಲ್ಲಿಯ ಅಳತೆ ಬೇಡ. ಬಯಲಿಗೆ ಬಂದು ಅಲ್ಲಿ ಬಿಂದು ಹಿಡಿದು, ದಿಕ್ಸೂಚಿಯಲ್ಲಿ ದಿಕ್ಕು ನೋಡಿ, ಟೇಪಿನಲ್ಲಿ ದೂರ ಅಳೆದು ತಾಣವನ್ನು ಕೂರಿಸಿ. ದೊಡ್ಡ ಕಟ್ಟಡವಾದರೆ ಉಪಗ್ರಹ ಚಿತ್ರದ ಮೇಲೆಯೇ ಅಂಚು ಎಳೆಯುವುದು ಲೇಸು. ಆ ಚಿತ್ರವೂ ಕೆಲವು ಮೀಟರ್ ಸರಿದಿರುತ್ತದೆ ಎಂಬುದು ನೆನಪಿರಲಿ. ಬಯಲಿನ ಎರಡು ಮೂರು ಬಿಂದುಗಳ ಜೊತೆ ತಾಳೆ ನೋಡಿ.

ಗುಡಿ ನಡುವೆ ಒಂದು ಬಿಂದು ಇಟ್ಟು ಸುತ್ತ 100 ಮೀಟರ್ ಎಳೆದರೆ ಆಗಲಿಲ್ಲವೇ? ಗಡಿ ಯಾಕೆ ಬೇಕು?

ನಕ್ಷೆಗಳಲ್ಲಿ ನಾವು ಕಾಣುವ ಅತಿ ದೊಡ್ಡ ತಪ್ಪು ಇದೇ, ಆದ್ದರಿಂದ ಲೆಕ್ಕ ಮಾಡಿಯೇ ತೋರಿಸುತ್ತೇವೆ. ಕಾಯ್ದೆಯ 100 ಮೀಟರ್ ಶುರುವಾಗುವುದು ಸಂರಕ್ಷಿತ ಪ್ರದೇಶದ ಅಂಚಿನಿಂದ, ಗರ್ಭಗುಡಿಯಿಂದಲ್ಲ.

ಉದಾಹರಣೆಗೆ 180 ಮೀಟರ್ ಉದ್ದ, 140 ಮೀಟರ್ ಅಗಲದ ಆವರಣ ಎಂದುಕೊಳ್ಳಿ. ಅದರ ನಡುವಿನಿಂದ ಮೂಲೆಗೆ 114 ಮೀಟರ್. ನಡುವೆ ಬಿಂದು ಇಟ್ಟು 100 ಮೀಟರ್ ವರ್ತುಲ ಎಳೆದರೆ ಆವರಣದ ನಾಲ್ಕೂ ಮೂಲೆಗಳು ವರ್ತುಲದ ಹೊರಗೇ ಉಳಿಯುತ್ತವೆ! ಅಂದರೆ ಸಂರಕ್ಷಿತ ಜಾಗದ ಒಳಗಿನ ನೆಲವೇ ನಿಮ್ಮ ನಕ್ಷೆಯಲ್ಲಿ ನಿಷೇಧದ ಆಚೆ ಕಾಣುತ್ತದೆ. ಆ ವರ್ತುಲದ ಒಟ್ಟು ವಿಸ್ತೀರ್ಣ 3.14 ಹೆಕ್ಟೇರ್. ಅದೇ ಆವರಣದ ಅಂಚಿನಿಂದ ಹೊರಕ್ಕೆ 100 ಮೀಟರ್ ಎಳೆದರೆ ಆವರಣವೂ ಸೇರಿ 12.06 ಹೆಕ್ಟೇರ್. ಅಲ್ಲಿಂದಾಚೆ ಇನ್ನೂ 200 ಮೀಟರಿನ ನಿಯಂತ್ರಿತ ಪಟ್ಟಿ 37.9 ಹೆಕ್ಟೇರ್. ಸಣ್ಣ ಗುಡಿಗೆ ಈ ವ್ಯತ್ಯಾಸ ಕಮ್ಮಿ, ಕೋಟೆಗೋ ಪಟ್ಟದಕಲ್ಲಿನಂಥ ಆವರಣಕ್ಕೋ ಹತ್ತಾರು ಹೊಲಗಳೇ ಈಚಿಂದಾಚೆ ಆಗಿಬಿಡುತ್ತವೆ.

ಗಡಿ ಎಂದರೆ ಈಗ ಕಾಣುವ ತಂತಿಬೇಲಿ ಎಂದೂ ತಿಳಿಯಬೇಡಿ. ಅಧಿಸೂಚನೆಯಲ್ಲಿ ಹೇಳಿದ ಸರ್ವೆ ನಂಬರು ಮತ್ತು ವಿಸ್ತೀರ್ಣವೇ ಗಡಿ. ಬೇಲಿ ಅದರ ಒಳಗೂ ಇರಬಹುದು, ಹೊರಗೂ ಇರಬಹುದು. ಎರಡನ್ನೂ ಬೇರೆ ಬೇರೆ ಗೆರೆಯಾಗಿ ಎಳೆದಿಡಿ.

ಬಫರ್ ಮಾಡಿದೆ, 100 ಅಂತ ಹಾಕಿದ್ದಕ್ಕೆ ಇಡೀ ನಕ್ಷೆಯೇ ಮುಚ್ಚಿಹೋಯಿತು. ಏನು ತಪ್ಪು?

ನಿಮ್ಮ ಪದರ ಅಕ್ಷಾಂಶ ರೇಖಾಂಶದಲ್ಲಿದೆ, ಅಂದರೆ `EPSG:4326`. ಕಂಪ್ಯೂಟರ್ 100 ಮೀಟರ್ ಬದಲು 100 ಡಿಗ್ರಿ ಎಂದು ತಿಳಿದುಕೊಂಡಿತು. ಇದು ಎದ್ದು ಕಾಣುವ ತಪ್ಪಾದ್ದರಿಂದ ಭಯವಿಲ್ಲ. ಭಯವಿರುವುದು ಕಣ್ಣಿಗೆ ಕಾಣದ ಎರಡು ತಪ್ಪುಗಳಲ್ಲಿ.

ಒಂದು, ಡಿಗ್ರಿಯಲ್ಲೇ 0.001 ಎಂದು ಹಾಕಿ ಸಮಾಧಾನಪಡುವುದು. ನಮ್ಮ 16 ಡಿಗ್ರಿ ಅಕ್ಷಾಂಶದಲ್ಲಿ ಅದು ಉತ್ತರ ದಕ್ಷಿಣಕ್ಕೆ ಸುಮಾರು 110.6 ಮೀಟರ್, ಪೂರ್ವ ಪಶ್ಚಿಮಕ್ಕೆ 107 ಮೀಟರ್. ವರ್ತುಲವೂ ಅಲ್ಲ, 100 ಮೀಟರೂ ಅಲ್ಲ. ಎರಡು, ಹಿನ್ನೆಲೆಯ ಉಪಗ್ರಹ ಚಿತ್ರ `EPSG:3857`ರಲ್ಲಿದೆ ಎಂದು ಎಲ್ಲವನ್ನೂ ಅದರಲ್ಲೇ ಇಡುವುದು. ಅದರ ಅಳತೆಪಟ್ಟಿ ಭೂಮಧ್ಯರೇಖೆಯಿಂದ ದೂರ ಹೋದಂತೆ ಹಿಗ್ಗುತ್ತದೆ. ಇಲ್ಲಿ ಶೇಕಡಾ 4ರಷ್ಟು ಹಿಗ್ಗಿರುತ್ತದೆ. ನೀವು 100 ಮೀಟರ್ ಎಂದು ಹಾಕಿದ್ದು ನೆಲದ ಮೇಲೆ 96 ಮೀಟರ್ ಮಾತ್ರ, 300 ಎಂದದ್ದು 288. ನಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ನೆಲದಲ್ಲಿ ಒಂದು ಮನೆಯ ಗೋಡೆ ಆಚೆ ಬಿದ್ದಿರುತ್ತದೆ.

ಇಡೀ ಬಾಗಲಕೋಟೆ ಜಿಲ್ಲೆ ಯುಟಿಎಂ 43 ಉತ್ತರ ವಲಯದಲ್ಲಿ ಬರುತ್ತದೆ. ಪದರಗಳನ್ನೆಲ್ಲ `EPSG:32643`ಕ್ಕೆ ಬದಲಿಸಿ, ಆಮೇಲೆ ಬಫರ್ ಮಾಡಿ. ಬಫರ್ ಕಿಟಕಿಯಲ್ಲಿ `Segments` ಮಾಮೂಲಿಗೆ 5 ಇರುತ್ತದೆ. ಆಗ ದುಂಡು ಮೂಲೆಗಳು ಮೊಂಡಾಗುತ್ತವೆ, 300 ಮೀಟರ್ ಬಫರಿನ ಮೂಲೆಯಲ್ಲಿ 3.7 ಮೀಟರ್ ವರೆಗೆ ಒಳಗೆ ಬರುತ್ತದೆ. ಅದನ್ನು 30ಕ್ಕೆ ಏರಿಸಿ.

ಹಳೇ ಗ್ರಾಮ ನಕ್ಷೆ ಸ್ಕ್ಯಾನ್ ಮಾಡಿಟ್ಟೀವಿ. ಅದನ್ನ ಹ್ಯಾಂಗ ಕೂಡಿಸೋದು?

ಮೊದಲು ಭೂದಾಖಲೆ ಇಲಾಖೆಯ ಡಿಜಿಟಲ್ ಹಿಸ್ಸಾ ಪದರ ಆ ಊರಿಗೆ ಸಿಗುತ್ತದೆಯೇ ವಿಚಾರಿಸಿ. ಹೊಲದಲ್ಲಿ ನಿಂತು ಯಾವ ಸರ್ವೆ ನಂಬರಿನಲ್ಲಿದ್ದೇವೆ ಎಂದು ನೋಡಲು ದಿಶಾಂಕ್ ಆ್ಯಪ್ ಇದೆ. ಸ್ಕ್ಯಾನ್ ನಕ್ಷೆಯನ್ನೇ ಕೂರಿಸಬೇಕಾದರೆ ಹೀಗೆ ಮಾಡಿ.

ನಮ್ಮ ಭಾಗದ ಹಳೆಯ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7920 ಅಳತೆಯವು, ಅಂದರೆ ಒಂದು ಇಂಚಿಗೆ 10 ಚೈನು. ಅದರ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದಲ್ಲಿ 4 ಮೀಟರ್. ಎಷ್ಟೇ ಕಷ್ಟಪಟ್ಟರೂ ಅದಕ್ಕಿಂತ ಕರಾರುವಾಕ್ಕು ಬರುವುದಿಲ್ಲ. ನಿಯಂತ್ರಣ ಬಿಂದುಗಳಿಗೆ ಮೂರು ಊರುಗಳ ಗಡಿ ಕೂಡುವ ಕಲ್ಲು, ಹೊಲದ ಒಡ್ಡು ಸೇರುವ ಮೂಲೆ, ಹಳೆಯ ಬಾವಿ ಒಳ್ಳೆಯವು. ರಸ್ತೆ ಮತ್ತು ಹಳ್ಳದ ತಿರುವು ಬೇಡ, ಅವು ಜಾಗ ಬದಲಿಸಿರುತ್ತವೆ. ಕನಿಷ್ಠ 8 ಬಿಂದು ಕೊಡಿ, ನಕ್ಷೆಯ ನಾಲ್ಕೂ ಕಡೆ ಹರಡಿರಲಿ.

ಜಿಯೋರೆಫರೆನ್ಸರ್‌ನಲ್ಲಿ `Polynomial 1` ಆರಿಸಿ. `Thin Plate Spline` ಆರಿಸಿದರೆ ತಪ್ಪು ಸೊನ್ನೆ ಎಂದು ತೋರಿಸುತ್ತದೆ, ಅದನ್ನು ನೋಡಿ ಎಷ್ಟೋ ಜನ ಹಿಗ್ಗುತ್ತಾರೆ. ಅದು ಕಾಗದವನ್ನು ರಬ್ಬರಿನಂತೆ ಎಳೆದು ಪ್ರತಿ ಬಿಂದುವನ್ನೂ ಬಲವಂತವಾಗಿ ಕೂರಿಸುತ್ತದೆ. ಒಂದು ಕಲ್ಲನ್ನು ನೀವು ತಪ್ಪಾಗಿ ಗುರುತಿಸಿದ್ದರೆ ಅದರ ಸುತ್ತಲಿನ ಹೊಲಗಳೆಲ್ಲ ಸೊಟ್ಟಗಾಗುತ್ತವೆ, ಸುಳಿವೇ ಸಿಗುವುದಿಲ್ಲ. `Polynomial 1`ರಲ್ಲಿ ಆ ಒಂದು ಬಿಂದುವಿನ ತಪ್ಪು ಮಾತ್ರ 20-30 ಮೀಟರ್ ಎಂದು ಎದ್ದು ತೋರುತ್ತದೆ, ತೆಗೆದು ಮತ್ತೆ ಹಾಕಬಹುದು. ಕೊನೆಗೆ, ಕೂರಿಸಲು ಬಳಸದ ಎರಡು ಮೂರು ಮೂಲೆಗಳಲ್ಲಿ ನಿಂತು ಎಷ್ಟು ಮೀಟರ್ ವ್ಯತ್ಯಾಸ ಬಂತು ನೋಡಿ. ಅದೇ ಆ ಪದರದ ನಿಜವಾದ ತಪ್ಪು, ಅದನ್ನೇ ದಾಖಲಿಸಿ.

ಐಹೊಳೆಯಲ್ಲಿ ಗುಡಿ ಪಕ್ಕದ ಮನೆಗಳಿಗೆ ಸರ್ವೆ ನಂಬರೇ ಸಿಗುತ್ತಿಲ್ಲವಲ್ಲ?

ಅವು ಗಾವಠಾಣದಲ್ಲಿವೆ. ಉತಾರ ಇರುವುದು ಹೊಲಗಳಿಗೆ. ಊರೊಳಗಿನ ಮನೆಗಳಿಗೆ ಪಂಚಾಯ್ತಿಯ ಆಸ್ತಿ ನಂಬರು ಇರುತ್ತದೆ, ಸಿಟಿ ಸರ್ವೆ ಆಗಿದ್ದ ಪಟ್ಟಣಗಳಲ್ಲಿ ಸಿಟಿಎಸ್ ನಂಬರು ಇರುತ್ತದೆ. ಗ್ರಾಮ ನಕ್ಷೆಯಲ್ಲಿ ಗಾವಠಾಣ ಒಂದೇ ಖಾಲಿ ತುಂಡಾಗಿ ಕಾಣುತ್ತದೆ. ಅಲ್ಲಿ ಉಪಗ್ರಹ ಚಿತ್ರ ನೋಡಿ ಮನೆಯ ಚಾವಣಿಗಳನ್ನು ಒಂದೊಂದಾಗಿ ಎಳೆದು, ಪಂಚಾಯ್ತಿಯವರನ್ನು ಜೊತೆಗೆ ಕರೆದುಕೊಂಡು ಆಸ್ತಿ ನಂಬರು ಬರೆದುಕೊಳ್ಳಬೇಕು. ಅಡ್ಡದಾರಿ ಯಾವುದೂ ಇಲ್ಲ.

## ಅಪಾಯದ ಪದರಗಳು

ಆಲಮಟ್ಟಿ ಎತ್ತರ ಏರಿಸಿದರೆ ಯಾವ ಗುಡಿ ಮುಳುಗುತ್ತವೆ ಅಂತ ಉಪಗ್ರಹದ ಎತ್ತರ ಮಾಹಿತಿಯಿಂದ ತೆಗೆಯಬಹುದೇ?

ಆಗುವುದಿಲ್ಲ, ಏಕೆಂದು ಲೆಕ್ಕ ಹೇಳುತ್ತದೆ. ಈಗಿನ ಪೂರ್ಣ ಮಟ್ಟ 519.6 ಮೀಟರ್. ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರಲ್ಲಿ ಒಪ್ಪಿದ್ದು 524.256 ಮೀಟರ್. ನಡುವಿನ ಅಂತರ 4.656 ಮೀಟರ್. ಉಚಿತವಾಗಿ ಸಿಗುವ ಎತ್ತರದ ಮಾಹಿತಿಗಳಲ್ಲಿ ಒಳ್ಳೆಯದೆನ್ನುವ ಕೋಪರ್ನಿಕಸ್ 30 ಮೀಟರ್ ಮಾದರಿಯೇ 4 ಮೀಟರ್ ವರೆಗೆ ತಪ್ಪಬಹುದು ಎಂದು ಹೇಳಿಕೊಳ್ಳುತ್ತದೆ. ತಿಳಿಯಬೇಕಾದ ಅಂತರವೂ ಅಳತೆಯ ತಪ್ಪೂ ಹೆಚ್ಚುಕಮ್ಮಿ ಒಂದೇ. ಅದರ ಮೇಲೆ, ಈ ಮಾದರಿ ಅಳೆಯುವುದು ನೆಲವನ್ನಲ್ಲ, ಮೇಲ್ಮೈಯನ್ನು. ಮರವಿದ್ದರೆ ಮರದ ನೆತ್ತಿ, ಮನೆಯಿದ್ದರೆ ಮಾಳಿಗೆ.

ಕೃಷ್ಣಾ, ಘಟಪ್ರಭಾ ದಂಡೆಯ ಎರೆಹೊಲಗಳ ಇಳಿಜಾರು 200 ಮೀಟರಿಗೆ 1 ಮೀಟರ್ ಇದೆ ಎಂದುಕೊಂಡರೆ, ಎತ್ತರದಲ್ಲಿ 4 ಮೀಟರ್ ತಪ್ಪಿದಾಗ ನೀರಿನ ಅಂಚು ನಕ್ಷೆಯ ಮೇಲೆ 800 ಮೀಟರ್ ಸರಿಯುತ್ತದೆ. ಒಂದು ಊರೇ ಒಳಗೋ ಹೊರಗೋ ಆಗುವಷ್ಟು ದೂರ ಅದು. ಹೀಗೆ ಎಳೆದ ಗೆರೆಯನ್ನು ಊರಿಗೆ ತೋರಿಸುವುದು ತಪ್ಪು. ಮುಳುಗಡೆಗೆ ಭೂಸ್ವಾಧೀನ ಮಾಡುವಾಗ ನೆಲದ ಮೇಲೆ ಲೆವೆಲ್ ತೆಗೆದು, ಸರ್ವೆ ನಂಬರುವಾರು ಪಟ್ಟಿ ಹೊರಡಿಸುತ್ತಾರೆ. ಆ ಪಟ್ಟಿಯ ನಂಬರುಗಳನ್ನು ಗ್ರಾಮ ನಕ್ಷೆಯ ಪದರಕ್ಕೆ ಜೋಡಿಸಿದರೆ ಬೇಕಾದ ವಲಯ ಸಿಗುತ್ತದೆ. ಉಪಗ್ರಹದ ಎತ್ತರ ಮಾಹಿತಿಯಿಂದ ಆಗುವ ಕೆಲಸ ಎಲ್ಲಿ ಹೋಗಿ ಲೆವೆಲ್ ತೆಗೆಯಬೇಕು ಎಂದು ಆರಿಸುವುದು, ಅಷ್ಟೇ.

ಪಟ್ಟದಕಲ್ಲಿಗೆ ಹೊಳೆ ಬಂದಾಗ ಯಾವ ಗುಡಿಗೆ ಎಷ್ಟು ನೀರು ಅಂತ ಹೆಂಗ ಗೊತ್ತು ಮಾಡೋದು?

2019ರ ಆಗಸ್ಟಿನಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ಆವರಣಕ್ಕೇ ನುಗ್ಗಿತ್ತು. ಮೇಲ್ಗಡೆ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ಈ ದಂಡೆಯ ಊರುಗಳಿಗೆಲ್ಲ ಅದೇ ಚಿಂತೆ. ಇಲ್ಲಿ ಬೇಕಾದದ್ದು ಸೆಂಟಿಮೀಟರಿನ ಲೆಕ್ಕ, ಅದಕ್ಕೆ ಉಪಗ್ರಹ ಬೇಡ, ಮಟ್ಟ ನೋಡುವ ಆಟೋ ಲೆವೆಲ್ ಉಪಕರಣ ಮತ್ತು ಸ್ಟಾಫ್ ಎನ್ನುವ ಅಳತೆಕೋಲು ಬೇಕು. ಯಾವುದೇ ಕಟ್ಟಡ ಗುತ್ತಿಗೆದಾರರ ಬಳಿ ಬಾಡಿಗೆಗೆ ಸಿಗುತ್ತದೆ. ಸಂರಕ್ಷಿತ ಆವರಣದೊಳಗೆ ಅಳೆಯಲು ಮೊದಲು ಇಲಾಖೆಯ ಅನುಮತಿ ಪಡೆಯಿರಿ, ಗೋಡೆಯ ಮೇಲೆ ಬಣ್ಣದ ಗುರುತು ಹಾಕಲೇಬೇಡಿ.

ಕೆಲಸದ ಬಗೆ ಹೀಗಿದೆ, ಅಂಕಿಗಳು ಮಾದರಿಗೆ ಮಾತ್ರ. ಒಂದು ಗುಡಿಯ ಜಗತಿಯ ಮೇಲ್ಮೈಯನ್ನು 10.000 ಮೀಟರ್ ಎಂದು ಇಟ್ಟುಕೊಳ್ಳಿ. ಅದರ ಮೇಲೆ ಸ್ಟಾಫ್ ಹಿಡಿದಾಗ 1.480 ಓದಿತು, ಹಾಗಾದರೆ ಉಪಕರಣದ ಕಣ್ಣಿನ ಮಟ್ಟ 11.480. ಗೋಡೆಯ ಮೇಲೆ ನೀರು ನಿಂತ ಗುರುತಿಗೆ ಸ್ಟಾಫಿನ ಬುಡ ಹಿಡಿದಾಗ 0.905, ಅಂದರೆ ನೀರಿನ ಮಟ್ಟ 10.575. ಈಗ ಉಪಕರಣ ಅಲುಗಿಸದೆ ಎರಡನೇ ಗುಡಿಯ ಜಗತಿಗೆ ತಿರುಗಿಸಿ: 0.760 ಓದಿದರೆ ಅದರ ಮಟ್ಟ 10.720, ನೀರಿಗಿಂತ 14.5 ಸೆಂಟಿಮೀಟರ್ ಮೇಲೆ. ಮೂರನೆಯದು 2.130 ಓದಿದರೆ ಅದರ ಮಟ್ಟ 9.350, ಅಲ್ಲಿ 1.225 ಮೀಟರ್ ನೀರು ನಿಂತಿತ್ತು. ಕೊನೆಗೆ ಮೊದಲ ಜಾಗಕ್ಕೆ ಮರಳಿ ಸ್ಟಾಫ್ ಹಿಡಿದಾಗ 5 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಉಪಕರಣ ಅಲುಗಿದೆ, ಮತ್ತೆ ಅಳೆಯಿರಿ.

ಗುರುತು ಹಿಡಿಯುವಲ್ಲಿ ಮೋಸಹೋಗುವವರು ಹೆಚ್ಚು. ನಮ್ಮ ಮರಳುಗಲ್ಲು ನೀರು ಹೀರುತ್ತದೆ. ಗೋಡೆಯ ಮೇಲಿನ ಒದ್ದೆಯ ಅಂಚು ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ, ಅದು ನೆರೆಯ ಗುರುತಲ್ಲ. ತೆಳುವಾದ ರಾಡಿಯ ಗೆರೆ, ಜಾಲಿಯ ಮುಳ್ಳಿಗೆ ಸಿಕ್ಕಿದ ಕಸ, ಕಾವಲುಗಾರರು ಅಂದು ತೆಗೆದ ಫೋಟೋದಲ್ಲಿ ಎಷ್ಟನೇ ಮೆಟ್ಟಿಲು ಮುಳುಗಿತ್ತು ಎಂಬುದು, ಇವು ನಂಬಬಹುದಾದ ಸಾಕ್ಷಿ. ಕನಿಷ್ಠ ಮೂರು ಗುರುತು ಹಿಡಿದು, ಅವು 10-15 ಸೆಂಟಿಮೀಟರಿನೊಳಗೆ ಹೊಂದುತ್ತವೆಯೇ ನೋಡಿ. ಹರಿಯುವ ನೀರಿನ ಮೇಲ್ಮೈಗೂ ಇಳಿಜಾರಿರುವುದರಿಂದ ಪಟ್ಟದಕಲ್ಲಿನ ಮಟ್ಟವನ್ನು ಕೆಳಗಿನ ಐಹೊಳೆಗೆ ಒಯ್ಯಬಾರದು, ಅಲ್ಲಿ ಬೇರೆಯೇ ಗುರುತು ಬೇಕು.

ಇಡೀ ಜಿಲ್ಲೆಗೆ ಹಂಗ ಲೆವೆಲ್ ತೆಗೆಯಾಕ ಆಗಂಗಿಲ್ಲ. ರೇಡಾರ್ ಚಿತ್ರ ಉಪಯೋಗ ಆಗ್ತದಾ?

ಆಗುತ್ತದೆ. ಸೆಂಟಿನೆಲ್-1 ರೇಡಾರ್ ಮೋಡದ ಮೂಲಕವೂ ನೋಡುತ್ತದೆ, ಚಿತ್ರಗಳು ಉಚಿತ. ನಿಂತ ನೀರು ಕಪ್ಪಗೆ ಕಾಣುತ್ತದೆ. ನೆರೆಯ ದಿನದ ಮತ್ತು ಬೇಸಿಗೆಯ `VV` ಚಿತ್ರಗಳನ್ನು ಹೋಲಿಸಿ, ಎರಡರಲ್ಲೂ ಕಪ್ಪಗಿರುವ ಹೊಳೆ, ಕೆರೆಗಳನ್ನು ಕಳೆದರೆ ಹೊಸದಾಗಿ ನೀರು ಬಂದ ಜಾಗ ಉಳಿಯುತ್ತದೆ. ನೀರು ಮತ್ತು ನೆಲ ಬೇರೆಯಾಗುವ ಅಂಕಿ ಸಾಮಾನ್ಯವಾಗಿ −15ರಿಂದ −18 ಡೆಸಿಬೆಲ್ ನಡುವೆ ಬೀಳುತ್ತದೆ, ಬೇರೆ ಕಡೆಯದನ್ನು ತಂದು ಹಾಕದೆ ನಿಮ್ಮ ಚಿತ್ರದ ಹಿಸ್ಟೋಗ್ರಾಮಿನ ತಗ್ಗನ್ನು ನೋಡಿಯೇ ಆರಿಸಿ.

ಮೂರು ಕಡೆ ಅದು ಸುಳ್ಳು ಹೇಳುತ್ತದೆ. ಬಾದಾಮಿಯ ಕಡಿದಾದ ಬಂಡೆಗಳ ಹಿಂದೆ ರೇಡಾರಿನ ನೆರಳು ಬಿದ್ದು ಗುಡ್ಡದ ಮೇಲೆ ನೀರು ನಿಂತಂತೆ ಕಾಣುತ್ತದೆ; ಹೊಳೆಯಿಂದ ಎತ್ತರದಲ್ಲಿರುವ ಜಾಗಗಳನ್ನು ಮೊದಲೇ ಹೊರಗಿಡಿ. ಆಳೆತ್ತರದ ಕಬ್ಬಿನೊಳಗೆ ನೀರು ನಿಂತಿದ್ದರೆ ಕಾಣುವುದೇ ಇಲ್ಲ. ಮೂರನೆಯದು ದಿನದ್ದು: ಉಪಗ್ರಹ ಹಾಯ್ದದ್ದು ನೀರು ಇಳಿದ ಮೇಲಾದರೆ ಅತಿ ಹೆಚ್ಚಿನ ಮಟ್ಟ ತಪ್ಪಿಹೋಗುತ್ತದೆ. ಆದ್ದರಿಂದ ರೇಡಾರಿನಲ್ಲಿ ಒಣಗಿ ಕಂಡ ತಾಣವನ್ನು ಅಪಾಯವಿಲ್ಲ ಎಂದು ಬರೆಯಬೇಡಿ, ‘ನೀರು ಕಂಡಿಲ್ಲ’ ಎಂದು ಬರೆದು ಪಕ್ಕದಲ್ಲಿ ಚಿತ್ರದ ತಾರೀಖು ಹಾಕಿ.

ಭೂಬಳಕೆಗೆ ರೆಡಿ ಇರೋ ನಕ್ಷೆ ಹಾಕಿಕೊಂಡರೆ ಸಾಕಲ್ಲವೇ?

ಶುರುವಿಗೆ ಸಾಕು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ 10 ಮೀಟರಿನದು. ಅದರ 2020 ಮತ್ತು 2021ರ ನಕ್ಷೆಗಳನ್ನು ಕಳೆದು ‘ಒಂದೇ ವರ್ಷದಲ್ಲಿ ಇಷ್ಟು ಬದಲಾಯಿತು’ ಎಂದು ತೋರಿಸುವವರಿದ್ದಾರೆ. ಎರಡನ್ನೂ ಮಾಡಿದ ವಿಧಾನವೇ ಬೇರೆ, ಆ ವ್ಯತ್ಯಾಸದಲ್ಲಿ ಬಹುಪಾಲು ನೆಲದ ಬದಲಾವಣೆಯಲ್ಲ. ಇನ್ನೊಂದು ತೊಡಕು ನಮ್ಮ ನೆಲದ್ದೇ: ಬಾದಾಮಿ, ಗುಳೇದಗುಡ್ಡ ಭಾಗದ ಬೋಳು ಬಂಡೆ ಇಂಥ ನಕ್ಷೆಗಳಲ್ಲಿ ಆಗಾಗ ಕಟ್ಟಡವೆಂದು ಬೀಳುತ್ತದೆ. ಬಂಡೆಯ ನೆತ್ತಿಯ ಮೇಲೆ ಬಡಾವಣೆ ಕಂಡರೆ ಅದೇ ಕಾರಣ.

ತಾಣದ ಸುತ್ತ 500 ಮೀಟರಿನಷ್ಟನ್ನಾದರೂ ಕೈಯಿಂದಲೇ ಎಳೆಯುವುದು ಒಳ್ಳೆಯದು. ವರ್ಗಗಳು ಆರೇ ಸಾಕು: ಖುಷ್ಕಿ, ಬಾಗಾಯತ, ಮನೆ, ರಸ್ತೆ, ಕಲ್ಲುಗಣಿ, ಪಡ ಬಿದ್ದ ನೆಲ. ಖುಷ್ಕಿ ಮತ್ತು ಬಾಗಾಯತವನ್ನು ಬೇರೆ ಇಡಲು ಕಾರಣವಿದೆ. ಪಕ್ಕದ ಹೊಲಕ್ಕೆ ವರ್ಷವಿಡೀ ನೀರು ಹಾಯಿಸಿದರೆ ತೇವ ಗುಡಿಯ ತಳಪಾಯಕ್ಕೆ ಬರುತ್ತದೆ, ಜೊತೆಗೆ ಲವಣವನ್ನೂ ತರುತ್ತದೆ. ಗೋಡೆಯ ಕೆಳಭಾಗದಲ್ಲಿ ಬೆಳ್ಳಗೆ ಉಪ್ಪು ಕಟ್ಟಿ ಕಲ್ಲು ಹುಡಿಹುಡಿಯಾಗಿ ಉದುರುತ್ತದೆ. ಹೊಲ ಚೌಳಾಗುತ್ತಿರುವ ಕಡೆ ಗುಡಿಯನ್ನೂ ಹೋಗಿ ನೋಡಿ. ಎರಡು ವರ್ಷ ಹೋಲಿಸುವಾಗ ಒಂದೇ ತಿಂಗಳ ಚಿತ್ರ ಇರಲಿ. ಡಿಸೆಂಬರಿನಲ್ಲಿ ಬಿಳಿಜೋಳ ನಿಂತ ಎರೆಹೊಲವೂ ಹಸಿರೇ. ಏಪ್ರಿಲ್, ಮೇ ಚಿತ್ರದಲ್ಲಿ ಹಸಿರಾಗಿರುವುದು ಮಾತ್ರ ನೀರಾವರಿ.

## ಪದರಗಳನ್ನು ಹೊದಿಸಿದ ಮೇಲೆ

100 ಮೀಟರ್ ಒಳಗೆ ಬರುವ ಸರ್ವೆ ನಂಬರುಗಳ ಪಟ್ಟಿ ಹೇಗೆ ತೆಗೆಯುವುದು?

ಹೊಲಗಳ ಪದರ `parcels`, 100 ಮೀಟರ್ ಬಫರಿನ ಪದರ `zone100`, ಎರಡಕ್ಕೂ ಮೊದಲು `Fix geometries` ಓಡಿಸಿ. ಇಲ್ಲವಾದರೆ ತನ್ನನ್ನೇ ದಾಟಿದ ಒಂದು ಹೊಲದ ಗೆರೆಗೆ ಇಡೀ ಲೆಕ್ಕ ನಿಂತುಬಿಡುತ್ತದೆ. ಆಮೇಲೆ ವರ್ಚುವಲ್ ಲೇಯರಿನಲ್ಲಿ ಇದನ್ನು ಹಾಕಿ:

```sql
SELECT b.site_id, p.survey_no,
  st_area(st_intersection(p.geometry, b.geometry)) AS m2
FROM parcels p
JOIN zone100 b ON st_intersects(p.geometry, b.geometry)
```

ಬಂದ ಪಟ್ಟಿಯನ್ನು ಹಾಗೆಯೇ ಹಂಚಬೇಡಿ. ಅದರಲ್ಲಿ ಪೂರ್ತಿ ಒಳಗಿರುವ ಹೊಲವೂ ಇರುತ್ತದೆ, 3 ಚದರ ಮೀಟರ್ ಮಾತ್ರ ತಾಗಿದ ಹೊಲವೂ ಇರುತ್ತದೆ. ನಿಮ್ಮ ಗ್ರಾಮ ನಕ್ಷೆಯ ತಪ್ಪು 5 ಮೀಟರ್, ಆವರಣದ ಗಡಿಯ ತಪ್ಪು 4 ಮೀಟರ್ ಎಂದಿಟ್ಟುಕೊಂಡರೆ ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದಾಗ 6.4 ಮೀಟರ್ ಬರುತ್ತದೆ. ಹಾಗಾಗಿ 100ರ ಜೊತೆ 93.6 ಮತ್ತು 106.4 ಮೀಟರಿನ ಬಫರುಗಳನ್ನೂ ಮಾಡಿ. 93.6ರ ಗೆರೆಯನ್ನು ದಾಟಿ ಒಳಗೆ ಬಂದ ಹೊಲ ಖಂಡಿತ ನಿಷೇಧಿತ ಪ್ರದೇಶಕ್ಕೆ ತಾಗಿದೆ. 106.4ನ್ನೂ ಮುಟ್ಟದ್ದು ಹೊರಗಿದೆ. ನಡುವಿನ ಪಟ್ಟಿಯಷ್ಟನ್ನೇ ಮುಟ್ಟಿದ್ದಕ್ಕೆ ‘ಜಂಟಿ ಮೋಜಣಿ ಆಗಬೇಕು’ ಎಂದು ಬರೆಯಿರಿ. ಮನೆ ಕಟ್ಟಲು ಹೊರಟವರ ಪಾಲಿಗೆ ಆ ಮೂರು ಮಾತುಗಳ ನಡುವಿನ ವ್ಯತ್ಯಾಸ ದೊಡ್ಡದು. ಕಂಪ್ಯೂಟರಿನ ನಕ್ಷೆ ಮೋಜಣಿಗೆ ಬದಲಿಯಲ್ಲ, ಎಲ್ಲಿ ಮೋಜಣಿ ಬೇಕು ಎಂದು ಅದು ತೋರಿಸುತ್ತದೆ.

ಎಲ್ಲಾ ಅಪಾಯ ಸೇರಿಸಿ ಪ್ರತಿ ತಾಣಕ್ಕೆ ಒಂದು ಅಂಕ ಕೊಟ್ಟರೆ ಅಧಿಕಾರಿಗಳಿಗೆ ಓದಲು ಸುಲಭ ಅಲ್ಲವೇ?

ಸುಲಭ, ಆದರೆ ದಾರಿ ತಪ್ಪಿಸುತ್ತದೆ. ಹೊಳೆಯ ದಂಡೆಯ ಗುಡಿಗೆ ನೆರೆಯಲ್ಲಿ 5, ಒತ್ತುವರಿಯಲ್ಲಿ 1, ಕಲ್ಲುಗಣಿಯಲ್ಲಿ 1 ಅಂಕ ಬಂದರೆ ಸರಾಸರಿ 2.3. ಮೂರರಲ್ಲೂ 3 ಪಡೆದ ಇನ್ನೊಂದು ಗುಡಿಯ ಸರಾಸರಿ 3. ಪಟ್ಟಿಯಲ್ಲಿ ಎರಡನೆಯದು ಮೇಲೆ ಬರುತ್ತದೆ, ಮುಂದಿನ ಮಳೆಗಾಲಕ್ಕೆ ನೀರಿನಲ್ಲಿ ನಿಲ್ಲುವುದು ಮೊದಲನೆಯದು. ನೆರೆಯನ್ನೂ ಒತ್ತುವರಿಯನ್ನೂ ಕೂಡಿಸಿ ಭಾಗಿಸಲು ಬರುವುದಿಲ್ಲ. ಅವುಗಳ ಪರಿಹಾರವೂ ಬೇರೆ, ಹೊಣೆ ಹೊತ್ತ ಇಲಾಖೆಯೂ ಬೇರೆ. ಮೂರು ಕಾಲಂಗಳನ್ನು ಬೇರೆಯಾಗಿಯೇ ಇಡಿ. ಒಂದೇ ಅಂಕ ಬೇಕೇಬೇಕೆಂದರೆ ಸರಾಸರಿಯ ಬದಲು ಮೂರರಲ್ಲಿ ಅತಿ ಹೆಚ್ಚಿನದನ್ನು ತೆಗೆದುಕೊಂಡು, ಅದು ಯಾವ ಅಪಾಯದ್ದು ಎಂದು ಪಕ್ಕದಲ್ಲಿ ಬರೆಯಿರಿ.

ನಕ್ಷೆ ಎಲ್ಲರಿಗೂ ತೆರೆದಿಡಬಹುದಾ?

ಕಾವಲಿರುವ, ಜನ ಬಂದುಹೋಗುವ ಸ್ಮಾರಕಗಳದ್ದನ್ನು ಇಡಬಹುದು. ಕಾವಲಿಲ್ಲದ ಗುಡಿಯ ಬಿಡಿ ಮೂರ್ತಿ, ಊರಾಚೆಯ ವೀರಗಲ್ಲು, ಸಿಡಿಲಫಡಿಯ ಬಗೆಯ ಚಿತ್ರವಿರುವ ಕಲ್ಲಾಸರೆಗಳ ಕರಾರುವಾಕ್ಕು ಜಾಗವನ್ನು ತೆರೆದಿಟ್ಟರೆ ಕಳ್ಳರಿಗೆ, ನಿಧಿಗಾಗಿ ಅಗೆಯುವವರಿಗೆ ದಾರಿ ತೋರಿಸಿದಂತೆ. ಸಾರ್ವಜನಿಕ ಪ್ರತಿಯಲ್ಲಿ ಅವನ್ನು 1 ಕಿಲೋಮೀಟರಿನ ಚೌಕಕ್ಕೆ ಸೇರಿಸಿ, ಊರಿನ ಹೆಸರಷ್ಟೇ ಕೊಡಿ. ಫೋಟೋ ಫೈಲಿನೊಳಗೆ ಜಿಪಿಎಸ್ ಅಂಕಿಗಳು ಅಡಗಿರುತ್ತವೆ, ಅವನ್ನೂ ಅಳಿಸಿಯೇ ಹಾಕಬೇಕು. ಬಿಂದುವನ್ನು ಮರೆಮಾಡಿ ಫೋಟೋ ಮೂಲಕ ಜಾಗ ಬಿಟ್ಟುಕೊಡುವುದು ಆಗಾಗ ಆಗುವ ತಪ್ಪು.

ಎಷ್ಟು ದಿನಕ್ಕೊಮ್ಮೆ ತಿದ್ದಬೇಕು?

ಭೂಬಳಕೆಯನ್ನು ವರ್ಷಕ್ಕೊಮ್ಮೆ, ಮೇ ತಿಂಗಳ ಚಿತ್ರ ಬಂದಾಗ. ನೆರೆಯ ಗುರುತನ್ನು ನೀರು ಇಳಿದ ವಾರದೊಳಗೆ, ಮುಂದಿನ ಮಳೆಗೆ ರಾಡಿಯ ಗೆರೆ ತೊಳೆದುಹೋಗುವ ಮೊದಲು. ಹಳೆಯ ಸಾಲಿನ ಮೇಲೆ ಹೊಸದನ್ನು ಬರೆಯಬೇಡಿ, ತಾರೀಖು ಹಾಕಿ ಹೊಸ ಸಾಲು ಸೇರಿಸಿ. ಗೋಡೆಯ ಬಿರುಕು 2 ಮಿಲಿಮೀಟರಿನಿಂದ 6ಕ್ಕೆ ಹೋಯಿತು ಎಂದು ತಿಳಿಯುವುದು ಹಳೆಯ 2 ಉಳಿದಿದ್ದರೆ ಮಾತ್ರ.